ಆರ್ಟಿಕಲ್‌ಶಿಪ್ ಇಂಟರ್‌ವ್ಯೂ (16 ನವೆಂಬರ್, ಶನಿವಾರ) – ಆಮೇಲೆ ಹೇಳಬೇಕೆನಿಸಿದ ನಾಲ್ಕು ಮಾತು

ನಮಸ್ಕಾರ ಸರ್, ನಮಸ್ಕಾರ ಮೇಡಂ,

ನಾನು ಸಹನಾ, ಬ್ಯಾಡಗಿಯವಳು. ಶನಿವಾರ 16ರಂದು ದೇಶಪಾಂಡೆ ನಗರದ ನಿಮ್ಮ ಆಫೀಸಿಗೆ ಆರ್ಟಿಕಲ್‌ಶಿಪ್ ಇಂಟರ್‌ವ್ಯೂಗೆ ಬಂದಿದ್ದೆ. ಅವತ್ತು ಮೂವರು ಬಂದಿದ್ದೆವು. ಲಾರಿ ಬಾಡಿಗೆ ವೋಚರ್ ನೋಡಿ ಐದು ನಿಮಿಷ ಬಾಯಿ ಬಿಡದೆ ಕೂತಿದ್ದವಳು ನಾನು. ಅಷ್ಟು ಹೇಳಿದರೆ ನೆನಪಾಗಬಹುದು.

ಒಂದು ವಾರದಲ್ಲಿ ತಿಳಿಸುತ್ತೇವೆ ಅಂದಿದ್ದಿರಿ. ಇವತ್ತು 27, ಬುಧವಾರ. ಆಫೀಸಿನಲ್ಲಿ ಕೆಲಸ ಜಾಸ್ತಿ ಇರುತ್ತೆ ಅಂತ ಗೊತ್ತು, ಅದಕ್ಕೇ ಸೋಮವಾರ ಬರೆಯೋಣ ಅಂದುಕೊಂಡವಳು ಎರಡು ದಿನ ತಡೆದೆ. ಇನ್ನು ತಡೆಯೋಕಾಗಲ್ಲ, ಕಾರಣ ಕೆಳಗೆ ಹೇಳಿದ್ದೇನೆ.

ಮೊದಲು ಆ ವೋಚರ್ ವಿಷಯ. ಅದು ತಲೆಯಿಂದ ಹೋಗುತ್ತಲೇ ಇಲ್ಲ.

ನೀವು ತೋರಿಸಿದ್ದು ಎರಡು ವೋಚರ್. ಒಂದೇ ತಾರೀಖು, ಒಂದೇ ಲಾರಿ ಮಾಲೀಕರ ಹೆಸರು, ಎರಡೂ ನಗದು. ಒಂದರಲ್ಲಿ 18,000, ಇನ್ನೊಂದರಲ್ಲಿ 19,000. ನಾನು ಮೊದಲು 10,000 ದಾಟಿದೆ, ಎರಡೂ ಡಿಸ್‌ಅಲೋ ಅಂದೆ. ಮೇಡಂ "ಲಾರಿಯವರಿಗೂ ಹತ್ತೇ ಸಾವಿರಾನಾ?" ಅಂದಾಗ 35,000 ನೆನಪಾಯಿತು. ಹಾಗಾದರೆ ಎರಡೂ ಮಿತಿಯೊಳಗೇ ಇವೆ, ಏನೂ ತೊಂದರೆ ಇಲ್ಲ ಅಂದುಬಿಟ್ಟೆ. ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಂದಿನ ಪ್ರಶ್ನೆಗೆ ಹೋದಿರಿ. ಆಗಲೇ ಏನೋ ತಪ್ಪಿದೆ ಅನಿಸಿತು, ಏನು ಅಂತ ಹೊಳೆಯಲಿಲ್ಲ.

ವಾಪಸ್ ಹೋಗುವಾಗ ಹಾವೇರಿ ಹತ್ತಿರ ಬಂದಾಗ ಹೊಳೆಯಿತು. 40ಎ(3)ರಲ್ಲಿ ನೋಡಬೇಕಾದದ್ದು ವೋಚರ್ ಅಲ್ಲ, ಒಬ್ಬರಿಗೆ ಒಂದು ದಿನದಲ್ಲಿ ಕೊಟ್ಟ ಒಟ್ಟು ನಗದು. 18 ಮತ್ತು 19 ಸೇರಿ 37,000 ಆಯಿತು, 35,000 ದಾಟಿತು. ದಾಟಿದ 2,000 ಅಷ್ಟೇ ಅಲ್ಲ, ಪೂರ್ತಿ 37,000 ಖರ್ಚಿಗೆ ಬರುವುದಿಲ್ಲ. ಮೊದಲ ಸಲ ಹೇಳಿದ ಉತ್ತರ ಸರಿ, ಕಾರಣ ತಪ್ಪು. ಎರಡನೇ ಸಲ ಮಿತಿ ಸರಿ, ಉತ್ತರ ತಪ್ಪು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿದ್ದರೆ ಬರೀತಿದ್ದೆ ಸರ್. ನಿಜವಾದ ಚೀಟಿ, ಅದರ ಮೇಲೆ ಸ್ಟಾಂಪು, ಎಣ್ಣೆ ಕಲೆ ಎಲ್ಲ ನೋಡಿ ತಲೆ ಓಡಲಿಲ್ಲ.

ಮನೆಗೆ ಹೋಗಿ ಅಪ್ಪಾಜಿಗೆ ಹೇಳಿದೆ. ಅವರು ಇಪ್ಪತ್ತು ವರ್ಷದಿಂದ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಬಯೋಡೇಟಾದಲ್ಲಿ ಹಾಕಿದ್ದೆ. ಅವರು ನಕ್ಕು, "ಒಂದೇ ಲಾರಿ, ಒಂದೇ ದಿನ, ಎರಡು ಚೀಟಿ ಸಿಕ್ಕರೆ ನಮ್ಮ ಆಡಿಟರ್ ಸಾಹೇಬರು ಮಾತೇ ಆಡಲ್ಲ, ಎರಡನ್ನೂ ಸೇರಿಸಿ ಪಿನ್ ಹೊಡೆದು ಪಕ್ಕಕ್ಕಿಡ್ತಾರೆ" ಅಂದರು. ನಾನು ಪುಸ್ತಕದಲ್ಲಿ ಎರಡು ಸಲ ಓದಿದ್ದು ಅವರಿಗೆ ಆ ಪಿನ್ನಿನಿಂದ ಗೊತ್ತು.

ಎಕ್ಸೆಲ್ ಟೆಸ್ಟ್‌ದೂ ಸ್ವಲ್ಪ ಹೇಳಬೇಕು. ಖರೀದಿ ರಿಜಿಸ್ಟರ್ ಮತ್ತು 2ಬಿ ತಾಳೆ ಮಾಡಲು ಕೊಟ್ಟಿದ್ದಿರಿ. ನಾನು ಬಿಲ್ ನಂಬರ್ ಮೇಲೆ ಸೀದಾ VLOOKUP ಹಾಕಿದೆ, ಹನ್ನೊಂದು ಬಿಲ್ ತಾಳೆ ಆಗಲಿಲ್ಲ, ಅವನ್ನು "ಸಪ್ಲೈಯರ್ ಹಾಕಿಲ್ಲ" ಅಂತ ಗುರುತು ಮಾಡಿದೆ. ಅವುಗಳಲ್ಲಿ ನಾಲ್ಕೈದು ಖಂಡಿತ ಸರಿ ಇದ್ದವು. ಒಂದು ಕಡೆ 452 ಅಂತ ಇದ್ದದ್ದು ಇನ್ನೊಂದು ಕಡೆ 0452 ಅಂತ ಇತ್ತು, ಅದು ಕಣ್ಣಿಗೆ ಬಿದ್ದಿತ್ತು, ಆದರೂ ಟೈಮ್ ಮುಗಿಯುತ್ತೆ ಅಂತ ಬಿಟ್ಟೆ. ಜಿಎಸ್‌ಟಿ ನಂಬರ್ ಮತ್ತು ಮೊತ್ತ ಸೇರಿಸಿ ನೋಡಬೇಕಿತ್ತು. ಹಾಗೇ ಬಿಟ್ಟಿದ್ದರೆ ಪಾಪ ಆ ಸಪ್ಲೈಯರ್‌ಗಳಿಗೆ ಸುಮ್ನೆ ಫೋನ್ ಹೋಗುತ್ತಿತ್ತು.

ಇನ್ನೊಂದು ವಿಷಯ ಇಂಟರ್‌ವ್ಯೂನಲ್ಲಿ ನಾನು ತಪ್ಪು ಹೇಳಿದ್ದು. ಬೇರೆ ಕೋರ್ಸ್ ಏನಾದರೂ ಮಾಡ್ತಿದ್ದೀರಾ ಅಂದಾಗ ಇಲ್ಲ ಅಂದೆ. ಮುಚ್ಚಿಟ್ಟಿದ್ದಲ್ಲ, ಕಾಲೇಜಿಗೆ ಹೋಗುತ್ತೀರಾ ಅಂತ ಕೇಳಿದಂತೆ ನನಗೆ ಅರ್ಥ ಆಯಿತು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಕಾಂ ಕೊನೇ ವರ್ಷ ಇದೆ, ಮನೆಯಲ್ಲೇ ಓದುವುದು. ಆಫೀಸ್ ಟೈಮಿಗೆ ಅಡ್ಡ ಬರುವುದಿಲ್ಲ. ಆದರೆ ಅದಕ್ಕೆ ಫಾರ್ಮ್ 112 ಹಾಕಿ ಅನುಮತಿ ತೆಗೆದುಕೊಳ್ಳಬೇಕು, ನಿಮ್ಮ ಸಹಿ ಬೇಕು. ಸೇರಿದ ಮೇಲೆ ಹೇಳುವುದಕ್ಕಿಂತ ಈಗಲೇ ಹೇಳುವುದು ಸರಿ ಅಲ್ವಾ. ಪರೀಕ್ಷೆಗೆ ಬೇಕಾಗುವ ರಜೆಯನ್ನು ನನ್ನ ರಜೆಯ ಲೆಕ್ಕದಲ್ಲೇ ಹೊಂದಿಸಿಕೊಳ್ಳುತ್ತೇನೆ.

ದಿನಾ ಬ್ಯಾಡಗಿಯಿಂದ ಹೇಗೆ ಬರುತ್ತೀರಿ ಅಂತ ಸರ್ ಕೇಳಿದ್ದಿರಿ. ರೈಲಿನಲ್ಲಿ ಅಂದಿದ್ದೆ. ಸರ್ ಏನೂ ಹೇಳಲಿಲ್ಲ, ಚಹಾ ಕುಡಿದರು. ಈಗ ನಾನೂ ಲೆಕ್ಕ ಹಾಕಿದೆ, ಸೆಪ್ಟೆಂಬರ್ ಕೊನೇ ವಾರ ಟ್ಯಾಕ್ಸ್ ಆಡಿಟ್ ಅಪ್‌ಲೋಡ್ ಮಾಡುತ್ತಾ ರಾತ್ರಿ ಹತ್ತಕ್ಕೆ ಸ್ಟೇಷನ್‌ಗೆ ಓಡುವುದು ಆಗದ ಮಾತು. ವಿದ್ಯಾನಗರದಲ್ಲಿ ಚಿಕ್ಕಮ್ಮ ಇದ್ದಾರೆ, ಅವರ ಮನೆಯಲ್ಲಿ ಇರುವುದು ಅಂತ ಆಗಿದೆ. ಹೊರಗಿನ ಊರಿನ ಆಡಿಟ್‌ಗೂ ಬರುತ್ತೇನೆ. ಅವತ್ತು "ಮನೆಯಲ್ಲಿ ಕೇಳಿ ಹೇಳ್ತೀನಿ" ಅಂದಿದ್ದೆ, ಕೇಳಿದೆ. ಅಮ್ಮ ಒಂದೇ ಒಂದು ಮಾತು ಹೇಳಿದ್ದಾರೆ, ಎಲ್ಲಿಗೆ ಹೋದರೂ ರಾತ್ರಿ ಫೋನ್ ಮಾಡಬೇಕಂತೆ.

ಈಗ ಅವಸರದ ಕಾರಣ. ಬೆಂಗಳೂರಿನ ಒಂದು ಫರ್ಮ್‌ನಿಂದ ಕರೆ ಬಂದಿದೆ. ಶನಿವಾರ, ಅಂದರೆ 30ರೊಳಗೆ, ಹೌದು ಅಥವಾ ಇಲ್ಲ ಅಂತ ಹೇಳಬೇಕು. ಇದನ್ನು ಹೇಳಿ ನಿಮ್ಮ ಮೇಲೆ ಒತ್ತಡ ಹಾಕುತ್ತಿದ್ದೇನೆ ಅಂದುಕೊಳ್ಳಬೇಡಿ. ಸ್ಟೈಪೆಂಡ್ ಅಲ್ಲಿ ಜಾಸ್ತಿ, ಅದನ್ನೂ ಮುಚ್ಚಿಡಲ್ಲ. ಆದರೆ ಕೆಲಸ ಏನು ಅಂತ ಕೇಳಿದಾಗ ಜಿಎಸ್‌ಟಿ ರಿಟರ್ನ್ಸ್ ಟೀಮ್‌ಗೆ ಹಾಕುತ್ತೇವೆ ಅಂದರು, ಬೇರೆ ವಿಭಾಗ ಯಾವಾಗ ಅಂತ ಕೇಳಿದರೆ ಸರಿಯಾದ ಉತ್ತರ ಇಲ್ಲ. ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಎರಡೇ ವರ್ಷ. ಹಿಂದಿನ ಹಾಗೆ ಮೂರು ವರ್ಷ ಇದ್ದಿದ್ದರೆ ಒಂದು ವರ್ಷ ಅದರಲ್ಲೇ ಹೋದರೂ ನಡೆಯುತ್ತಿತ್ತು. ನಿಮ್ಮಲ್ಲಿ ಒಬ್ಬಳೇ ಹುಡುಗಿ ಬೆಳಿಗ್ಗೆ ವೋಚರ್ ನೋಡಿ, ಮಧ್ಯಾಹ್ನ ಗೋಡೌನ್‌ನಲ್ಲಿ ಚೀಲ ಎಣಿಸಿ, ಆಮೇಲೆ 3ಸಿಡಿ ತುಂಬುತ್ತಾಳೆ ಅಂತ ಅವತ್ತು ಹೊರಗೆ ಕಾಯುತ್ತಾ ಕೂತಾಗ ಅಲ್ಲಿನ ಅಕ್ಕ ಒಬ್ಬರಿಂದ ಕೇಳಿದೆ. ನನಗೆ ಅದು ಬೇಕು. ಎಪಿಎಂಸಿ ಕ್ಲೈಂಟ್‌ಗಳು ಜಾಸ್ತಿ ಇದ್ದಾರೆ ಅನ್ನುವುದೂ ಒಂದು ಕಾರಣ, ಬಿಕ್ರಿ ಪಟ್ಟಿ ಅಂದರೇನು, ರೈತರಿಗೆ ನಗದು ಕೊಟ್ಟರೆ ಯಾಕೆ ನಡೆಯುತ್ತೆ, ವ್ಯಾಪಾರಿಗೆ ಕೊಟ್ಟರೆ ಯಾಕೆ ನಡೆಯಲ್ಲ ಅನ್ನುವುದನ್ನು ನನಗೆ ಮೊದಲಿನಿಂದ ಹೇಳಿಕೊಡಬೇಕಾಗಿಲ್ಲ.

ಕಾಗದ ಪತ್ರ ಎಲ್ಲ ತಯಾರಿದೆ. ಇಂಟರ್‌ನ ಎರಡೂ ಗ್ರೂಪ್ ಸೆಪ್ಟೆಂಬರ್‌ನಲ್ಲಿ ಪಾಸಾಗಿದೆ, ಐಟಿ ಮತ್ತು ಓರಿಯಂಟೇಶನ್ ಎರಡೂ ಮುಗಿದಿವೆ, ಸರ್ಟಿಫಿಕೇಟ್ ಇದರ ಜೊತೆ ಕಳಿಸಿದ್ದೇನೆ (ಅವತ್ತು ಓರಿಯಂಟೇಶನ್‌ದು ತಂದಿರಲಿಲ್ಲ). ಡಿಸೆಂಬರ್ 2, ಸೋಮವಾರದಿಂದಲೇ ಬರಬಹುದು. 103 ಹಾಕಲು ಸೇರಿದ ದಿನದಿಂದ 30 ದಿನ ಇರುತ್ತೆ, ಅದು ಕೊನೇ ದಿನದವರೆಗೆ ಉಳಿಯದ ಹಾಗೆ ನೋಡಿಕೊಳ್ಳುತ್ತೇನೆ.

ಶುಕ್ರವಾರ ಸಂಜೆಯೊಳಗೆ ಒಂದು ಮಾತು ತಿಳಿಸಿದರೆ ಸಾಕು ಸರ್. ಆಗಲ್ಲ ಅಂದರೂ ತಿಳಿಸಿ, ಬೆಂಗಳೂರಿಗೆ ಮನೆ ಹುಡುಕಬೇಕು. ಇನ್ನೂ ಒಂದು ಸಲ ಮಾತಾಡಬೇಕು ಅನಿಸಿದರೆ ಗುರುವಾರ, ಶುಕ್ರವಾರ ಎರಡೂ ದಿನ ಹುಬ್ಬಳ್ಳಿಯಲ್ಲೇ ಇರುತ್ತೇನೆ, ಅರ್ಧ ಗಂಟೆಯಲ್ಲಿ ಆಫೀಸಿಗೆ ಬರುತ್ತೇನೆ. ನನ್ನ ನಂಬರ್ ಬಯೋಡೇಟಾದ ಮೇಲ್ಗಡೆ ಇದೆ.

ಅವತ್ತು ಹನ್ನೊಂದಕ್ಕೆ ಕರೆದು ಹನ್ನೊಂದಕ್ಕೇ ಒಳಗೆ ಕರೆದಿರಿ, ಚಹಾ ಕೊಟ್ಟಿರಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಾಗ ಬೈಯಲಿಲ್ಲ. ಅದಕ್ಕೆ ಥ್ಯಾಂಕ್ಸ್.

ಇಂತಿ,
ಸಹನಾ
ಬ್ಯಾಡಗಿ
27 ನವೆಂಬರ್ 2024