ವಿಷಯ: ಬಿಜಿವಿ ಫಾರ್ಮ್ ಮುಂದಕ್ಕೆ ಹೋಗುವ ಮೊದಲು, ನನ್ನ ಹಳೇ ಕೆಲಸದ ತಾರೀಖುಗಳ ಬಗ್ಗೆ

ನಮಸ್ತೆ ರಶ್ಮಿ ಮೇಡಂ,

ಆಫರ್ ಲೆಟರ್‌ಗೆ ಸಹಿ ಮಾಡಿ ನಿನ್ನೆಯೇ ಅಪ್‌ಲೋಡ್ ಮಾಡಿದ್ದೇನೆ. ಬಿಜಿವಿ ಫಾರ್ಮ್ ಕೂಡ ಬಹುತೇಕ ತುಂಬಿದ್ದೇನೆ, ಆದರೆ ಸಬ್‌ಮಿಟ್ ಒತ್ತಿಲ್ಲ. ಲಿಂಕ್ ಶುಕ್ರವಾರ, ನವೆಂಬರ್ 14ರವರೆಗೆ ತೆರೆದಿರುತ್ತದೆ ಅಂತ ನಿಮ್ಮ ಮೇಲ್‌ನಲ್ಲಿತ್ತು. ಅಷ್ಟರೊಳಗೆ ಒಂದು ವಿಷಯ ನಿಮ್ಮ ಗಮನಕ್ಕೆ ಬರಬೇಕು. ಫೋನಿನಲ್ಲಿ ಹೇಳಿದರೆ ತಾರೀಖುಗಳು ಒಂದಕ್ಕೊಂದು ಕಲಸಿಹೋಗುತ್ತವೆ. ಬರೆದಿಟ್ಟರೆ ನೀವು ವೆರಿಫಿಕೇಶನ್ ತಂಡಕ್ಕೆ ಹಾಗೇ ಕಳಿಸಬಹುದು ಅಂತ ಈ ಮೇಲ್.

ನನ್ನ ರೆಸ್ಯೂಮೆಯಲ್ಲಿ ಪೀಣ್ಯದ ಕಂಪನಿಯ ಎದುರಿಗೆ 'ಆಗಸ್ಟ್ 2018 – ಮಾರ್ಚ್ 2022' ಅಂತಿದೆ. ಪಿಎಫ್ ದಾಖಲೆಯಲ್ಲಿ ಅದೇ ಕಂಪನಿಯ ಹೆಸರು ಶುರುವಾಗುವುದು ಅಕ್ಟೋಬರ್ 1, 2020ಕ್ಕೆ, ಮುಗಿಯುವುದು ಏಪ್ರಿಲ್ 30, 2022ಕ್ಕೆ. ನಾನು ಈಗಿರುವ ಬೊಮ್ಮಸಂದ್ರದ ಕಂಪನಿಗೆ ಸೇರಿದ್ದು ಏಪ್ರಿಲ್ 11, 2022. ಹಾಗಾಗಿ ಯುಎಎನ್ ಹಾಕಿ ನೋಡುವವರಿಗೆ ಎರಡು ಅನುಮಾನ ಬರುತ್ತದೆ. ಒಂದು, ಇವನು ಎರಡು ವರ್ಷದ ಅನುಭವ ಸುಮ್ನೆ ಸೇರಿಸಿಕೊಂಡಿದ್ದಾನೆ. ಎರಡು, ಏಪ್ರಿಲ್ 2022ರಲ್ಲಿ ಎರಡೂ ಕಡೆ ಸಂಬಳ ತಗೊಂಡಿದ್ದಾನೆ. ಎರಡೂ ನಿಜವಲ್ಲ. ಎರಡಕ್ಕೂ ಕಾಗದ ಇದೆ.

ಮೊದಲು ಜಾಸ್ತಿ ತೊಂದರೆ ಕೊಡುವ ಏಪ್ರಿಲ್ ವಿಷಯ ಹೇಳಿಬಿಡುತ್ತೇನೆ.

ಪೀಣ್ಯದಲ್ಲಿ ನನ್ನ ಕೊನೆಯ ಕೆಲಸದ ದಿನ ಮಾರ್ಚ್ 26, 2022, ಶನಿವಾರ. ರಿಲೀವಿಂಗ್ ಲೆಟರ್‌ನಲ್ಲಿ ಅದೇ ತಾರೀಖಿದೆ. ಅವತ್ತೇ ಐಡಿ ಕಾರ್ಡ್, ನನ್ನ ಹೆಸರಿನಲ್ಲಿದ್ದ ವರ್ನಿಯರ್, ಮೈಕ್ರೋಮೀಟರ್ ಎಲ್ಲ ಟೂಲ್ ಸ್ಟೋರ್‌ಗೆ ಒಪ್ಪಿಸಿ ನೋ ಡ್ಯೂಸ್ ಹಾಳೆಗೆ ಸಹಿ ಹಾಕಿಸಿಕೊಂಡೆ. ಆ ಹಾಳೆಯಲ್ಲಿ ಸ್ಟೋರ್, ಕ್ಯಾಂಟೀನ್, ಅಕೌಂಟ್ಸ್, ಸೆಕ್ಯುರಿಟಿ ನಾಲ್ಕೂ ಕಡೆಯ ಸಹಿ, ಪಕ್ಕದಲ್ಲಿ ತಾರೀಖು ಇದೆ. ರಾಜೀನಾಮೆ ಕೊಟ್ಟವರ ಕೊನೇ ತಿಂಗಳ ಸಂಬಳವನ್ನು ಅಲ್ಲಿ ತಡೆಹಿಡಿದು ಫುಲ್ ಅಂಡ್ ಫೈನಲ್ ಜೊತೆಗೇ ಕೊಡುತ್ತಿದ್ದರು. ನನಗೂ ಹಾಗೇ ಆಯಿತು. ಮಾರ್ಚ್ ಸಂಬಳ ಏಪ್ರಿಲ್ ಪೇರೋಲ್‌ನಲ್ಲಿ ಬಂತು. ಅದರ ಪಿಎಫ್ ಕೂಡ ಏಪ್ರಿಲ್ ತಿಂಗಳ ಲೆಕ್ಕದಲ್ಲೇ ಕಟ್ಟಿದರು. ಆ ತಿಂಗಳ ಕೊನೇ ದಿನವನ್ನೇ ನನ್ನ ಎಕ್ಸಿಟ್ ಡೇಟ್ ಅಂತ ಪೋರ್ಟಲ್‌ನಲ್ಲಿ ಹಾಕಿದರು. ಏಪ್ರಿಲ್ 11ರಿಂದ 30ರವರೆಗೆ ಎರಡು ಕಂಪನಿ ಒಟ್ಟಿಗೆ ಕಾಣುವುದಕ್ಕೆ ಇದೊಂದೇ ಕಾರಣ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಫುಲ್ ಅಂಡ್ ಫೈನಲ್ ಹಾಳೆಯಲ್ಲಿ 'ಪೇಯ್ಡ್ ಡೇಸ್' ಅನ್ನುವ ಕಡೆ 26 ಅಂತಿದೆ, ತಿಂಗಳು ಮಾರ್ಚ್ ಅಂತಿದೆ. ಪಾಸ್‌ಬುಕ್‌ನಲ್ಲಿ ಅದೇ ಕಂಪನಿಯ ಖಾತೆ ತೆರೆದರೆ ಮಾರ್ಚ್ ಸಾಲೇ ಇಲ್ಲ, ಏಪ್ರಿಲ್ ಸಾಲು ಇದೆ. ಎರಡು ತಿಂಗಳೂ ದುಡಿದಿದ್ದರೆ ಎರಡು ಸಾಲು ಇರಬೇಕಿತ್ತು ಅಲ್ವಾ? ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೂ ಅವರಿಂದ ಅದಾದ ಮೇಲೆ ಒಂದು ರೂಪಾಯಿ ಬಂದಿಲ್ಲ.

ಈ ತಾರೀಖನ್ನು ಸರಿಪಡಿಸಲು ಇಪಿಎಫ್ಒ ಪೋರ್ಟಲ್‌ನಲ್ಲಿ ಜಾಯಿಂಟ್ ಡಿಕ್ಲರೇಶನ್ ಹಾಕಿದ್ದೇನೆ. ಅದು ಈಗ ಹಳೇ ಕಂಪನಿಯ ಒಪ್ಪಿಗೆಗೆ ಕಾಯುತ್ತಿದೆ. ಅಲ್ಲಿನ ಎಚ್ಆರ್ ಜೊತೆ ಮಾತಾಡಿದ್ದೇನೆ, ಮಾಡಿಕೊಡುತ್ತೇವೆ ಅಂದಿದ್ದಾರೆ. ಆದರೆ ಶುಕ್ರವಾರದೊಳಗೆ ಆಗುತ್ತದೆ ಅಂತ ನಾನು ನಿಮಗೆ ಮಾತು ಕೊಡಲಾರೆ. ಸಲ್ಲಿಸಿದ್ದಕ್ಕೆ ಬಂದ ಸ್ಕ್ರೀನ್‌ಶಾಟ್ ಇಟ್ಟಿದ್ದೇನೆ. ವೆರಿಫಿಕೇಶನ್ ಮಾಡುವವರು ಹಳೇ ತಾರೀಖನ್ನೇ ನೋಡುತ್ತಾರೆ ಅಂದುಕೊಂಡೇ ಇಷ್ಟು ವಿವರ ಬರೆದಿದ್ದೇನೆ.

ಇನ್ನು 2018ರಿಂದ 2020ರವರೆಗಿನ ಮಾತು.

ಡಿಪ್ಲೊಮಾ ಮುಗಿದ ಮೇಲೆ ಆಗಸ್ಟ್ 6, 2018ರಂದು ಆ ಫ್ಯಾಕ್ಟರಿಗೆ ಟೆಕ್ನಿಷಿಯನ್ ಅಪ್ರೆಂಟಿಸ್ ಆಗಿ ಸೇರಿದೆ. ಒಂದು ವರ್ಷದ ತರಬೇತಿ ಆಗಸ್ಟ್ 5, 2019ಕ್ಕೆ ಮುಗಿಯಿತು. ಚೆನ್ನೈನ ಬೋರ್ಡ್ ಆಫ್ ಅಪ್ರೆಂಟಿಸ್‌ಶಿಪ್ ಟ್ರೈನಿಂಗ್ ಕೊಟ್ಟ ಸರ್ಟಿಫಿಕೇಟ್ ಇದೆ, ಅದರಲ್ಲಿ ಎರಡೂ ತಾರೀಖು ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಲಿಯುವವರಿಗೆ ಸ್ಟೈಪೆಂಡ್ ಕೊಡುತ್ತಾರೆ, ಪಿಎಫ್ ಹಿಡಿಯುವುದಿಲ್ಲ. ಹಾಗಾಗಿ ಆ ವರ್ಷ ಯುಎಎನ್‌ನಲ್ಲಿ ಹುಡುಕಿದರೂ ಸಿಗದು.

ಆಮೇಲೆ ಆಗಸ್ಟ್ 19, 2019ರಿಂದ ಅದೇ ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಸಿಕ್ಕಿತು, ಆದರೆ ಲೇಬರ್ ಕಾಂಟ್ರಾಕ್ಟರ್ ಮೂಲಕ. ಮಧ್ಯದ ಹದಿಮೂರು ದಿನ ಊರಿನಲ್ಲಿ, ಹೊಳೆನರಸೀಪುರದಲ್ಲಿ ಇದ್ದೆ. ಅದನ್ನು ಗ್ಯಾಪ್ ಅಂತಲೇ ಫಾರ್ಮಿನಲ್ಲಿ ಬರೆಯುತ್ತೇನೆ. ಕಾಂಟ್ರಾಕ್ಟ್‌ನವರಿಗೆ ನೀಲಿ ಟ್ಯಾಗ್, ಕಂಪನಿ ರೋಲ್‌ನವರಿಗೆ ಹಸಿರು ಟ್ಯಾಗ್. ಗೇಟು ಒಂದೇ, ಸೂಪರ್‌ವೈಸರ್ ಒಬ್ಬರೇ, ಸಿಎಂಎಂ ಮಷೀನೂ ಅದೇ. ಪ್ರತಿ ಪಾಳಿಯ ಮೊದಲ ಪೀಸ್ ಅಳೆದು ರಿಪೋರ್ಟ್‌ಗೆ ಸಹಿ ಹಾಕುವ ಕೆಲಸ ನೀಲಿ ಟ್ಯಾಗ್ ಇದ್ದಾಗಲೂ ನನ್ನದೇ ಆಗಿತ್ತು. ರೆಸ್ಯೂಮೆಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿರುವುದು ಅದಕ್ಕೇ. ಆದರೆ ಸಂಬಳ ಕೊಟ್ಟವರು, ಪಿಎಫ್ ಕಟ್ಟಿದವರು, ಇಎಸ್ಐ ಮಾಡಿಸಿದವರು ಕಾಂಟ್ರಾಕ್ಟರ್. ಅಕ್ಟೋಬರ್ 1, 2020ಕ್ಕೆ ಕಂಪನಿ ರೋಲ್‌ಗೆ ತಗೊಂಡರು. ಅವತ್ತಿನ ಅಪಾಯಿಂಟ್‌ಮೆಂಟ್ ಲೆಟರ್ ಇದೆ.

ಇಲ್ಲಿ ಒಂದು ತೊಡಕನ್ನು ಈಗಲೇ ಹೇಳಬೇಕು. ವೆರಿಫಿಕೇಶನ್‌ನವರು ಪೀಣ್ಯದ ಎಚ್ಆರ್‌ಗೆ ಮೇಲ್ ಹಾಕಿ 'ಇವರು ಯಾವತ್ತಿನಿಂದ ನಿಮ್ಮಲ್ಲಿದ್ದರು' ಅಂತ ಕೇಳಿದರೆ ಅವರು ಅಕ್ಟೋಬರ್ 2020 ಅಂತಲೇ ಹೇಳುತ್ತಾರೆ. ಅವರ ಸಿಸ್ಟಮ್‌ನಲ್ಲಿ ಇರುವುದು ಅದೇ, ಅವರು ಹೇಳುವುದು ಸರಿ ಕೂಡ. ಕಾಂಟ್ರಾಕ್ಟರ್ ಆಫೀಸಿಗೆ ಫೋನ್ ಮಾಡಿದರೆ ನಂಬರ್ ಚಾಲ್ತಿಯಲ್ಲಿಲ್ಲ ಅಂತ ಬರುತ್ತದೆ. ಅವರಿಂದ ಎಕ್ಸ್‌ಪೀರಿಯನ್ಸ್ ಲೆಟರ್ ನನಗೆ ಸಿಕ್ಕಿಲ್ಲ. ಆ ಅವಧಿಗೆ ನನ್ನ ಹತ್ತಿರ ಇರುವುದು ಆಗಸ್ಟ್ 19ರ ನೇಮಕದ ಪತ್ರ, ಯುಎಎನ್ ಸರ್ವಿಸ್ ಹಿಸ್ಟರಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಕೆಲವು ತಿಂಗಳ ಪೇ ಸ್ಲಿಪ್. ಸ್ಲಿಪ್‌ಗಳು ಬಸ್ ಟಿಕೆಟ್‌ನಂಥ ತೆಳು ಕಾಗದದವು, ಅಕ್ಷರ ಮಾಸಿವೆ. ಸ್ಕ್ಯಾನ್ ಮಾಡಿದ್ದೇನೆ, ಹೆಸರು ಮತ್ತು ತಿಂಗಳು ಓದಲು ಬರುತ್ತದೆ. ಆಗಿನ ನನ್ನ ಕ್ವಾಲಿಟಿ ಮ್ಯಾನೇಜರ್ ಈಗ ಬೇರೆ ಕಡೆ ಇದ್ದಾರೆ. ಮೂರೂ ಹಂತದಲ್ಲಿ ನಾನು ಅವರ ಕೈಕೆಳಗೇ ಇದ್ದೆ ಅಂತ ಬರೆದುಕೊಡಲು ಒಪ್ಪಿದ್ದಾರೆ. ರೆಫರೆನ್ಸ್ ಕಾಲಮ್‌ನಲ್ಲಿ ಅವರ ನಂಬರ್ ಅವರನ್ನು ಕೇಳಿಯೇ ಹಾಕಿದ್ದೇನೆ.

ಸಣ್ಣಪುಟ್ಟವು ಎರಡಿವೆ. ಪಿಎಫ್‌ನಲ್ಲಿ ಕಾಂಟ್ರಾಕ್ಟರ್ ಹಾಕಿರುವ ಜಾಯಿನಿಂಗ್ ಡೇಟ್ ಸೆಪ್ಟೆಂಬರ್ 1, 2019. ಪತ್ರದಲ್ಲಿ ಆಗಸ್ಟ್ 19. ನಾನು ಫಾರ್ಮಿನಲ್ಲಿ ಪತ್ರದ ತಾರೀಖನ್ನೇ ಹಾಕುತ್ತೇನೆ. ಇನ್ನೊಂದು, ಪಾಸ್‌ಬುಕ್‌ನಲ್ಲಿ ಏಪ್ರಿಲ್ 2020ಕ್ಕೆ ಸಾಲಿಲ್ಲ. ಅದು ಲಾಕ್‌ಡೌನ್ ತಿಂಗಳು. ಫ್ಯಾಕ್ಟರಿ ಮುಚ್ಚಿತ್ತು, ಕೆಲಸ ಬಿಟ್ಟಿರಲಿಲ್ಲ. ಮೇ ತಿಂಗಳಿಂದ ಮತ್ತೆ ಅದೇ ಖಾತೆಯಲ್ಲಿ ಹಣ ಬಿದ್ದಿದೆ.

ಫಾರ್ಮ್ 16 ಕೇಳುವ ಕಡೆ ಪೀಣ್ಯದ ಅವಧಿಗೆ ಏನೂ ಹಾಕಲು ಆಗುವುದಿಲ್ಲ. ಆಗಿನ ಸಂಬಳಕ್ಕೆ ಟಿಡಿಎಸ್ ಕಟ್ ಆಗುತ್ತಿರಲಿಲ್ಲ, ಕಂಪನಿ ಫಾರ್ಮ್ 16 ಕೊಟ್ಟಿರಲಿಲ್ಲ. ಅದರ ಜಾಗದಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ನಡೆಯುತ್ತದೆಯೇ ಅಂತ ದಯವಿಟ್ಟು ತಿಳಿಸಿ.

ಈಗ ನಿಮ್ಮಿಂದ ನನಗೆ ಬೇಕಾದದ್ದು ಹೇಳುತ್ತೇನೆ. ಪೀಣ್ಯದ ಕೆಲಸವನ್ನು ಫಾರ್ಮಿನಲ್ಲಿ ಮೂರು ಬೇರೆ ಸಾಲು ಮಾಡಿ ತುಂಬಲು ಅನುಮತಿ ಬೇಕು: ಅಪ್ರೆಂಟಿಸ್, ಕಾಂಟ್ರಾಕ್ಟರ್, ಕಂಪನಿ ರೋಲ್. ಹಾಗೆ ಮಾಡಿದರೆ ಯಾರನ್ನು ಏನು ಕೇಳಬೇಕು ಅನ್ನುವುದು ವೆರಿಫಿಕೇಶನ್‌ನವರಿಗೆ ಮೊದಲೇ ಗೊತ್ತಾಗುತ್ತದೆ. ಆದರೆ ನಿಮ್ಮ ಹತ್ತಿರವಿರುವ ರೆಸ್ಯೂಮೆಯಲ್ಲಿ ಒಂದೇ ಸಾಲು, ಫಾರ್ಮಿನಲ್ಲಿ ಮೂರು ಸಾಲು ಆದರೆ ಅದೂ ಒಂದು ವ್ಯತ್ಯಾಸವಾಗಿ ಕಂಡೀತು. ಅದಕ್ಕೆ ಮೂರು ಸಾಲಿನ ಹೊಸ ರೆಸ್ಯೂಮೆಯನ್ನೂ ಜೊತೆಗಿಟ್ಟಿದ್ದೇನೆ. ಹಳೆಯದನ್ನು ತೆಗೆಯಬೇಡಿ, ಎರಡೂ ಫೈಲ್‌ನಲ್ಲಿರಲಿ. ಹೊಸದು ಯಾವಾಗ, ಯಾಕೆ ಬಂತು ಅನ್ನುವುದಕ್ಕೆ ಈ ಮೇಲ್ ಸಾಕ್ಷಿಯಾಗುತ್ತದೆ.

ಅನುಭವದ ಲೆಕ್ಕದಲ್ಲಿ ಅಪ್ರೆಂಟಿಸ್ ವರ್ಷವನ್ನು ಸೇರಿಸುವುದಿಲ್ಲ ಅಂತ ನಿಮ್ಮ ಕಂಪನಿಯ ನಿಯಮವಿದ್ದರೆ ನನಗೆ ಅಡ್ಡಿಯಿಲ್ಲ. ಆಗಸ್ಟ್ 2019ರಿಂದ ಎಣಿಸಿದರೂ ಈ ಹುದ್ದೆಗೆ ನೀವು ಕೇಳಿದ 5 ವರ್ಷ ದಾಟುತ್ತದೆ. ಹಾಗೆ ಎಣಿಸಿದರೆ ಗ್ರೇಡ್‌ನಲ್ಲಿ ಏನಾದರೂ ಬದಲಾಗುವುದಿದ್ದರೆ ಈಗಲೇ ಹೇಳಿಬಿಡಿ. ಇಲ್ಲಿ ರಾಜೀನಾಮೆ ಕೊಡುವ ಮೊದಲು ನನಗೆ ಅದು ಗೊತ್ತಾಗಬೇಕು. ಮನೆಯಲ್ಲಿ ಅಪ್ಪನಿಗೆ ಹುಷಾರಿಲ್ಲ, ತಂಗಿ ಇನ್ನೂ ಓದುತ್ತಿದ್ದಾಳೆ. ಕೈಯಲ್ಲಿರುವ ಕೆಲಸ ಬಿಟ್ಟ ಮೇಲೆ ರಿಪೋರ್ಟ್‌ನಲ್ಲಿ 'ಡಿಸ್ಕ್ರೆಪನ್ಸಿ' ಅಂತ ಬಂದು ಆಫರ್ ನಿಂತುಹೋದರೆ ತಡೆದುಕೊಳ್ಳುವ ಸ್ಥಿತಿ ನಮ್ಮದಲ್ಲ. ಇಷ್ಟು ಉದ್ದ ಬರೆದದ್ದು ಆ ಕಾರಣಕ್ಕೂ ಹೌದು.

ಹಾಗೇ, ಈಗಿರುವ ಬೊಮ್ಮಸಂದ್ರದ ಕಂಪನಿಗೆ ನಾನು ರಿಲೀವ್ ಆಗುವವರೆಗೆ ವೆರಿಫಿಕೇಶನ್‌ನವರು ಫೋನ್ ಮಾಡದಂತೆ ನೋಡಿಕೊಳ್ಳಿ. ಫಾರ್ಮಿನಲ್ಲಿ ಆ ಬಾಕ್ಸ್‌ಗೆ ಟಿಕ್ ಹಾಕಿದ್ದೇನೆ, ಆದರೂ ನೀವು ಒಂದು ಮಾತು ಹೇಳಿದರೆ ಧೈರ್ಯ.

ಅಪ್ರೆಂಟಿಸ್ ಸರ್ಟಿಫಿಕೇಟ್, ಎರಡು ನೇಮಕ ಪತ್ರ, ರಿಲೀವಿಂಗ್ ಲೆಟರ್, ನೋ ಡ್ಯೂಸ್, ಫುಲ್ ಅಂಡ್ ಫೈನಲ್ ಹಾಳೆ, ಪೇ ಸ್ಲಿಪ್‌ಗಳು, ಪಾಸ್‌ಬುಕ್, ಸರ್ವಿಸ್ ಹಿಸ್ಟರಿ, ಬ್ಯಾಂಕ್ ಸ್ಟೇಟ್‌ಮೆಂಟ್, ಜಾಯಿಂಟ್ ಡಿಕ್ಲರೇಶನ್ ಸ್ಕ್ರೀನ್‌ಶಾಟ್, ಹೊಸ ರೆಸ್ಯೂಮೆ ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ ಈ ಮೇಲ್‌ಗೆ ಸೇರಿಸಿದ್ದೇನೆ. ಮೂಲ ಪ್ರತಿಗಳು ನನ್ನ ಹತ್ತಿರ ಇವೆ, ಕರೆದ ದಿನ ತಂದು ತೋರಿಸುತ್ತೇನೆ.

ಈ ವಾರ ನನಗೆ ಮೊದಲ ಪಾಳಿ. ಶಾಪ್ ಫ್ಲೋರ್‌ಗೆ ಫೋನ್ ಬಿಡುವುದಿಲ್ಲ, 2 ಗಂಟೆಗೆ ಲಾಕರ್‌ನಿಂದ ತೆಗೆಯುತ್ತೇನೆ. ಎರಡೂವರೆ ನಂತರ ಯಾವಾಗ ಬೇಕಾದರೂ ಕರೆ ಮಾಡಿ. ನಿಮ್ಮ ಉತ್ತರ ಬಂದ ಮೇಲೆಯೇ ಫಾರ್ಮ್ ಸಬ್‌ಮಿಟ್ ಮಾಡುತ್ತೇನೆ. ಗುರುವಾರ ಸಂಜೆಯೊಳಗೆ ತಿಳಿಸಲು ಆಗದಿದ್ದರೆ ಲಿಂಕ್‌ನ ಗಡುವನ್ನು ಸೋಮವಾರದವರೆಗೆ ವಿಸ್ತರಿಸಿಕೊಡಿ ಮೇಡಂ.

ಇಂತಿ,
ಕಿರಣ್
ಬೆಂಗಳೂರು, ನವೆಂಬರ್ 11, 2025