ರೆಫರಲ್ ಪತ್ರ: ಮೆದುಳಿನ ಗಡ್ಡೆಯ ಶಂಕೆ, ಬಾಕ್ಸರ್ ನಾಯಿ ‘ರಾಜ’

ಚಿಕ್ಕಮಗಳೂರು
12 ಜೂನ್ 2025

ನರರೋಗ ತಜ್ಞ ಪಶುವೈದ್ಯರಿಗೆ, ಬೆಂಗಳೂರು

ಮಾನ್ಯ ಡಾಕ್ಟರೇ,

ಆಲ್ದೂರು ಕಡೆಯ ಕಾಫಿ ಬೆಳೆಗಾರರೊಬ್ಬರ ನಾಯಿ ರಾಜನನ್ನು ತಮ್ಮಲ್ಲಿಗೆ ಕಳಿಸುತ್ತಿದ್ದೇನೆ. ಬಾಕ್ಸರ್, ಗಂಡು, ಬೀಜ ತೆಗೆದಿದೆ, 9 ವರ್ಷ, 28 ಕೆ.ಜಿ. ಬಲಭಾಗದ ಮುಮ್ಮೆದುಳಿನಲ್ಲಿ ಗಡ್ಡೆ ಇರಬಹುದೆಂದು ನನ್ನ ಅನುಮಾನ. ಎಂಆರ್‌ಐ ಮಾಡಿ ಅಭಿಪ್ರಾಯ ತಿಳಿಸಬೇಕಾಗಿ ಕೋರಿಕೆ.

ಮೇ 24ರ ಬೆಳಗಿನ ಜಾವ ಮೊದಲ ಫಿಟ್ಸ್ ಬಂತು. ಮೈಯೆಲ್ಲ ಸೆಟೆದು ಸುಮಾರು ಎರಡು ನಿಮಿಷ. 31ರಂದು ಇನ್ನೊಂದು. ಆದರೆ ಮನೆಯವರನ್ನು ಕೇಳುತ್ತಾ ಹೋದರೆ ಕಥೆ ಅದಕ್ಕೂ ಹಿಂದಿನದು. ಏಪ್ರಿಲ್‌ನಿಂದಲೇ ರಾತ್ರಿ ಸುಮ್ಮನೆ ಅಡ್ಡಾಡುವುದು, ಗೋಡೆಗೆ ತಲೆಯೊತ್ತಿ ನಿಲ್ಲುವುದು, ತಟ್ಟೆಯ ಎಡಬದಿಯ ಅನ್ನ ಹಾಗೇ ಬಿಡುವುದು. ವಯಸ್ಸಾಯಿತು ಎಂದುಕೊಂಡಿದ್ದರಂತೆ.

ಪರೀಕ್ಷೆಯಲ್ಲಿ ಬಲಕ್ಕೇ ಸುತ್ತುತ್ತದೆ. ಎಡಗಣ್ಣಿನಲ್ಲಿ ಮೆನೇಸ್ ಇಲ್ಲ, ಪಾಪೆಗಳು ಮಾತ್ರ ಬೆಳಕಿಗೆ ಸರಿಯಾಗಿ ಕುಗ್ಗುತ್ತವೆ. ಎಡಗಾಲುಗಳ ಪಾದ ಮಡಚಿಟ್ಟರೆ ತಿರುಗಿಸಿಕೊಳ್ಳಲು ತಡ; ನಡಿಗೆ ಮಾತ್ರ ಚೆನ್ನಾಗಿದೆ. ಉಳಿದ ಕಪಾಲ ನರಗಳು ಸರಿ, ಕತ್ತು ನೋವಿಲ್ಲ, ಜ್ವರವಿಲ್ಲ.

ರಕ್ತದಲ್ಲಿ ಗ್ಲೂಕೋಸ್ 92, ಕ್ಯಾಲ್ಸಿಯಂ, ಸೋಡಿಯಂ, ಕಿಡ್ನಿ, ಲಿವರ್ ಎಲ್ಲ ಮಿತಿಯೊಳಗೆ. ತೋಟದ ನಾಯಿ, ಉಣುಗು ಇದ್ದೇ ಇರುತ್ತದೆ. ಎರ್ಲಿಚಿಯಾ ಕಿಟ್ ಮತ್ತು ಸ್ಮಿಯರ್ ಎರಡೂ ನೆಗೆಟಿವ್. ರೇಬೀಸ್, ಡಿಸ್ಟೆಂಪರ್ ಲಸಿಕೆ ಪ್ರತಿ ವರ್ಷ ಹಾಕಿಸಿದ್ದಾರೆ, ಕಾರ್ಡು ಜೊತೆಗಿದೆ. ಆ ವಾರಗಳಲ್ಲಿ ತೋಟಕ್ಕೆ ಔಷಧಿ ಹೊಡೆದಿಲ್ಲ. ಎದೆಯ ಎಕ್ಸ್‌ರೇ ಮತ್ತು ಹೊಟ್ಟೆಯ ಸ್ಕ್ಯಾನ್‌ನಲ್ಲಿ ಗಡ್ಡೆ ಕಂಡಿಲ್ಲ.

ಮೇ 31ರಿಂದ ಫೀನೋಬಾರ್ಬಿಟಾಲ್ 60 ಮಿ.ಗ್ರಾಂ, ದಿನಕ್ಕೆರಡು ಬಾರಿ. ಆಮೇಲೆ ಫಿಟ್ಸ್ ಬಂದಿಲ್ಲ. ಔಷಧದ ರಕ್ತಮಟ್ಟ ಇನ್ನೂ ನೋಡಿಲ್ಲ. ಎರಡು ವಾರ ತುಂಬುವುದರಿಂದ ತಮ್ಮಲ್ಲೇ ಆದರೆ ಒಳ್ಳೆಯದು. ಸ್ಟೀರಾಯ್ಡ್ ಬೇಕೆಂದೇ ಕೊಟ್ಟಿಲ್ಲ. ಉರಿಯೂತವೋ ಲಿಂಫೋಮಾವೋ ಆಗಿದ್ದರೆ ಚಿತ್ರ ಮಸುಕಾದೀತು ಎಂಬುದು ನನ್ನ ಲೆಕ್ಕ. ಆದರೆ ನಾಯಿ ಮಂಕಾದರೆ ಕಾಯುವುದು ಬೇಡ, ತಮಗೆ ತೋಚಿದಂತೆ ಶುರುಮಾಡಿ. ಬೆನ್ನುಹುರಿ ದ್ರವ ತೆಗೆಯುವುದಾದರೆ ಎಂಆರ್‌ಐ ನೋಡಿದ ಮೇಲೆಯೇ ಎಂದು ನನ್ನ ಮನವಿ. ಒಳಗಿನ ಒತ್ತಡ ಎಷ್ಟಿದೆಯೋ ತಿಳಿಯದು.

ಅರಿವಳಿಕೆಗೆ ಒಂದು ಮಾತು. ಬಾಕ್ಸರ್ ಆದ್ದರಿಂದ ಇಸಿಜಿ ಮಾಡಿದೆ, ಅಡ್ಡಬಡಿತ ಕಾಣಲಿಲ್ಲ. ಆದರೆ ಅದು ಐದೇ ನಿಮಿಷದ ದಾಖಲೆ. ಏಸ್‌ಪ್ರೊಮಜೈನ್ ತಪ್ಪಿಸಿದರೆ ಒಳಿತು. ದಾರಿಯಲ್ಲಿ ಫಿಟ್ಸ್ ಬಂದರೆಂದು ಗುದದಲ್ಲಿ ಹಾಕಲು ಡಯಾಜೆಪಾಮ್ 28 ಮಿ.ಗ್ರಾಂ ಸಿರಿಂಜಿನಲ್ಲಿ ಕೊಟ್ಟು, ಹಾಕುವುದನ್ನೂ ತೋರಿಸಿದ್ದೇನೆ.

ಶಸ್ತ್ರಚಿಕಿತ್ಸೆ, ರೇಡಿಯೇಷನ್ ಎರಡನ್ನೂ ಮನೆಯವರಿಗೆ ಹೇಳಿದ್ದೇನೆ. ಯಜಮಾನರು ಖರ್ಚಿಗೆ ಹಿಂಜರಿಯುವವರಲ್ಲ. ಅವರ ತಾಯಿಯವರು ಮಾತ್ರ ‘ನಾಯಿಗೆ ನೋವು ಕೊಡಬೇಡಿ’ ಎನ್ನುತ್ತಾರೆ. ಎಷ್ಟು ದಿನ, ಎಂಥ ದಿನ ಸಿಗಬಹುದು ಎಂದು ತಾವು ಬಿಡಿಸಿ ಹೇಳಿದರೆ ಅವರಿಗೆ ತೀರ್ಮಾನ ಸುಲಭವಾದೀತು. ಔಷಧಿಯಲ್ಲೇ ಮುಂದುವರಿಸುವುದಾದರೆ ಇಲ್ಲಿ ನಾನು ನೋಡಿಕೊಳ್ಳುತ್ತೇನೆ, ಪ್ರಮಾಣ ಬರೆದು ಕಳಿಸಿ.

ರಕ್ತದ ವರದಿ, ಎಕ್ಸ್‌ರೇ, ಇಸಿಜಿ ಮತ್ತು ಮನೆಯವರು ಮೊಬೈಲಿನಲ್ಲಿ ತೆಗೆದ ಎರಡನೇ ಫಿಟ್ಸಿನ ವಿಡಿಯೊ ಜೊತೆಗಿವೆ.

ತಮ್ಮ ವಿಶ್ವಾಸಿ,
ಚಿಕಿತ್ಸೆ ನೀಡಿದ ಪಶುವೈದ್ಯ, ಚಿಕ್ಕಮಗಳೂರು