ಅಪ್ಪಯ್ಯನಿಗೆ, ಉಪ್ಪು-ಬೆಲ್ಲದ ವಿಷಯವಾಗಿ

ಬೆಂಗಳೂರು
12-9-2025

ತೀರ್ಥರೂಪು ಅಪ್ಪಯ್ಯನಿಗೆ ಮಗ ಗಣಪತಿಯ ಸಾಷ್ಟಾಂಗ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ. ಫೋನ್ ಇರುವಾಗ ಇವನಿಗೇನು ಕಾಗದ ಬರೆಯುವ ಹುಚ್ಚು ಅಂತ ನಗಬೇಡಿ. ಮೂವತ್ತೆಂಟು ವರ್ಷ ಊರಿನವರ ಕಾಗದಗಳಿಗೆ ಠಸ್ಸೆ ಹೊಡೆದವರು ನೀವು. ಕಾಗದ ಬಂದರೆ ಪೂರ್ತಿ ಓದುತ್ತೀರಿ, ನಡುವೆ ಕಟ್ ಮಾಡುವುದಿಲ್ಲ. ಫೋನಿನಲ್ಲಿ ಆ ಗ್ಯಾರಂಟಿ ಇಲ್ಲ ಅಂತ ಹೋದ ಭಾನುವಾರವೇ ಗೊತ್ತಾಯಿತು. ನಾನೂ ಅವತ್ತು ದನಿ ಏರಿಸಬಾರದಿತ್ತು. "ಚಿಕ್ಕ ಮಕ್ಕಳ ಹಾಗೆ ಆಡಬೇಡಿ" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಬೇಜಾರಾಯಿತು. ತಪ್ಪಾಯಿತು.

ಹೇಳಬೇಕೆಂದಿದ್ದು ಬೇರೆ. ಅದು ಬಾಯಲ್ಲಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚೌತಿಗೆ ಬಂದಾಗ ಪೂಜೆ ಮುಗಿದ ಮೇಲೆ ನೀವು ಜಗಲಿಯಲ್ಲಿ ಕಾಲು ನೀಡಿ ಕೂತಿದ್ದಿರಿ. ನಿಮ್ಮ ಕಾಲು ಒತ್ತುವಾಗ ಹರಡಿನ ಹತ್ತಿರ ನನ್ನ ಹೆಬ್ಬೆರಳು ಊರಿತು. ಬೆರಳು ತೆಗೆದ ಮೇಲೂ ಅಲ್ಲಿ ಗುಳಿ ಹಾಗೇ ಉಳಿದಿತ್ತು. ಕಡುಬಿನ ಹಿಟ್ಟು ಒತ್ತಿದ ಹಾಗೆ. ನೀವು "ಹಬ್ಬದ ಓಡಾಟ, ಅದಕ್ಕೇ" ಅಂದಿರಿ. ನಾನು ಸುಮ್ಮನಾದೆ. ಮಾರನೇ ದಿನ ಕುಮಟಾಕ್ಕೆ ಕರೆದುಕೊಂಡು ಹೋಗಿದ್ದು ಅದಕ್ಕೇ, ನೀವಂದುಕೊಂಡ ಹಾಗೆ ಆಯಿಯ ಕಣ್ಣು ತೋರಿಸುವ ನೆಪಕ್ಕಲ್ಲ.

ಡಾಕ್ಟರು ಬರೆದುಕೊಟ್ಟಿದ್ದು ನೆನಪಿದೆಯಲ್ಲ. ಬಿಪಿ 168/92. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 8.6. ಅದು 6.5 ಮುಟ್ಟಿದರೇ ಸಕ್ಕರೆ ಕಾಯಿಲೆ ಅನ್ನುತ್ತಾರೆ. ಇವೆರಡೂ ನಿಮಗೆ ಹಳೆಯ ನೆಂಟರು, ಬಿಡಿ. ನನ್ನನ್ನು ಹೆದರಿಸಿದ್ದು ಮೂರನೆಯದು: ಕ್ರಿಯಾಟಿನಿನ್ 1.5, ಜೊತೆಗೆ ಮೂತ್ರದಲ್ಲಿ ಪ್ರೋಟೀನ್. ಅಂದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದಕ್ಕೆ ಶುರುವಾಗಿದೆ. ಡಾಕ್ಟರು ಇದನ್ನು ನಿಮ್ಮೆದುರು ಮೆತ್ತಗೆ ಹೇಳಿದರು, ನೀವು ಹೊರಗೆ ಹೋದ ಮೇಲೆ ನನಗೆ ಬಿಡಿಸಿ ಹೇಳಿದರು. ನಿಮ್ಮಿಂದ ಮುಚ್ಚಿಟ್ಟಿದ್ದು ನನಗೆ ಸರಿ ಕಾಣಲಿಲ್ಲ. ನಿಮ್ಮ ಮೈ, ನಿಮಗೆ ಗೊತ್ತಿರಬೇಕು.

ನೀವು ಕೇಳಿದಿರಿ, "ಎಪ್ಪತ್ತಾರು ವರ್ಷ ತಿಂದ ಉಪ್ಪು ಈಗ ಯಾಕೆ ಕಚ್ಚುತ್ತದೆ?" ಅಂತ. ಒಳ್ಳೆಯ ಪ್ರಶ್ನೆ. ನಾನೂ ಡಾಕ್ಟರಿಗೆ ಅದನ್ನೇ ಕೇಳಿದೆ.

ಆಯಿ ಅಪ್ಪೆಮಿಡಿ ಉಪ್ಪಿಗೆ ಹಾಕುತ್ತಾಳಲ್ಲ, ನಾಲ್ಕು ದಿನಕ್ಕೆ ಮಿಡಿ ಚಿರುಟಿ ಭರಣಿ ತುಂಬ ನೀರು. ಉಪ್ಪು ಇದ್ದಲ್ಲಿಗೆ ನೀರು ಬರುತ್ತದೆ. ಮೈಯಲ್ಲೂ ಅಷ್ಟೇ. ಉಪ್ಪು ಜಾಸ್ತಿಯಾದರೆ ರಕ್ತದಲ್ಲಿ ನೀರು ನಿಲ್ಲುತ್ತದೆ, ಅಷ್ಟನ್ನೂ ಹೃದಯ ತಳ್ಳಬೇಕು. ಹರೆಯದಲ್ಲಿ ರಕ್ತನಾಳ ಮೆತ್ತಗಿರುತ್ತದೆ, ಹಿಗ್ಗುತ್ತದೆ. ಈಗ ಅದು ನಮ್ಮ ಮೇಲಿನ ತೋಟದ ಹಳೇ ಪೈಪಿನ ಹಾಗೆ ಬಿಸಿಲಿಗೆ ಬಿರುಸಾಗಿದೆ. ಪಂಪು ಅದೇ, ನೀರು ಜಾಸ್ತಿ, ಪೈಪು ಗಟ್ಟಿ. ಒತ್ತಡ ಏರದೆ ಏನಾಗುತ್ತದೆ? ಜಾಸ್ತಿಯಾದ ಉಪ್ಪನ್ನು ಹೊರಗೆ ಹಾಕಬೇಕಾದ ಮೂತ್ರಪಿಂಡಕ್ಕೂ ಮೊದಲಿನ ತಾಕತ್ತಿಲ್ಲ. ಹಾಗಾಗಿ ನೀರು ಕಾಲಿಗೆ ಇಳಿದು ಕೂತಿರಬೇಕು ಅಂತ ಅವರ ಅಂದಾಜು.

ಇನ್ನೊಂದು ಮಾತನ್ನೂ ಅವರೇ ಹೇಳಿದ್ದು. ವಯಸ್ಸಾದ ಹಾಗೆ ನಾಲಿಗೆಯ ರುಚಿ ಮಂದವಾಗುತ್ತದಂತೆ. ಹಿಂದೆ ಸರಿಯಾಗಿದ್ದ ಸಾರು ಈಗ ಸಪ್ಪೆ ಅನ್ನಿಸುತ್ತದೆ. ಆಯಿಯ ಕೈ ಕೆಟ್ಟಿಲ್ಲ ಅಪ್ಪಯ್ಯ. ಹೋದ ವಾರ ಹುಳಿಗೆ ಉಪ್ಪಿಲ್ಲ ಅಂತ ನೀವು ಎಲೆ ಬಿಟ್ಟು ಎದ್ದಿರಂತೆ. ಆಯಿ ಹೇಳಲಿಲ್ಲ, ತಂಗಿ ಹೇಳಿದಳು. ಉಪ್ಪಿಗಿಂತ ರುಚಿಯಿಲ್ಲ ಅನ್ನುವ ಗಾದೆ ಹೇಳಿದಿರಂತೆ. ಆ ಗಾದೆಯಲ್ಲಿ ತಾಯಿಗಿಂತ ಬಂಧುವಿಲ್ಲ ಅಂತಲೂ ಇದೆ. ನನ್ನ ತಾಯಿಯ ಮೇಲೆ ರೇಗಬೇಡಿ. ಡಾಕ್ಟರು ಹೇಳಿದ್ದನ್ನು ಅವಳು ಮಾಡುತ್ತಿದ್ದಾಳೆ. ರೇಗುವುದಿದ್ದರೆ ನನ್ನ ಮೇಲೆ ರೇಗಿ, ದೂರದಲ್ಲಿದ್ದೇನೆ, ತಡೆದುಕೊಳ್ಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯವರು ದೊಡ್ಡವರಿಗೆ ಹೇಳುವ ಲೆಕ್ಕ ದಿನಕ್ಕೆ 5 ಗ್ರಾಮ್‌ಗಿಂತ ಕಡಿಮೆ ಉಪ್ಪು. ಟೀ ಚಮಚದಲ್ಲಿ ಸಮ ಮಾಡಿದ ಒಂದು ಚಮಚಕ್ಕೂ ತುಸು ಕಡಿಮೆ. ಅನ್ನ, ಹುಳಿ, ಪಲ್ಯ, ಮಜ್ಜಿಗೆ, ಹಪ್ಪಳ, ಉಪ್ಪಿನಕಾಯಿ ಎಲ್ಲ ಸೇರಿ. ನೀವು ಮಧ್ಯಾಹ್ನ ಎರಡು ಮಿಡಿ ಕಚ್ಚಿ, ಬಾಳ್ಕದ ಮೆಣಸು ಮುರಿದು, ಮಜ್ಜಿಗೆಗೆ ಮತ್ತೆ ಉಪ್ಪು ಕಲಸಿದರೆ ಆ ಚಮಚದಲ್ಲಿ ರಾತ್ರಿಗೆ ಏನು ಉಳಿದೀತು?

ಸಾಣಿಕಟ್ಟೆಯ ಉಪ್ಪು ಒಳ್ಳೆಯದು, ಪ್ಯಾಕೆಟ್ ಉಪ್ಪು ಕೆಟ್ಟದ್ದು ಅಂತ ನಿಮ್ಮ ವಾದ. ಊರಿನ ಅಭಿಮಾನ ನನಗೂ ಇದೆ. ಆದರೆ ಸಾಣಿಕಟ್ಟೆಯದಿರಲಿ, ಸೈಂಧವ ಇರಲಿ, ಅಂಗಡಿಯದಿರಲಿ, ಬಹುಪಾಲು ಒಂದೇ ಸೋಡಿಯಂ ಕ್ಲೋರೈಡ್. ಬಿಪಿ ಯಾವ ಗದ್ದೆಯ ಉಪ್ಪು ಅಂತ ಕೇಳುವುದಿಲ್ಲ. ಹಾಗೇ, ಪೇಟೆಯಲ್ಲಿ ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಸಿಗುತ್ತದೆ. ಸುಮಾ ಒಂದು ಪ್ಯಾಕೆಟ್ ತಂದಿದ್ದಳು, ನಿಮಗೆ ಕಳಿಸೋಣ ಅಂತ. ಡಾಕ್ಟರಿಗೆ ಕೇಳಿದರೆ ಬೇಡವೇ ಬೇಡ ಅಂದರು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಸೋತವರಿಗೆ, ನಿಮ್ಮ ಬಿಪಿ ಮಾತ್ರೆಯಂಥದ್ದನ್ನು ತೆಗೆದುಕೊಳ್ಳುವವರಿಗೆ ಅದು ರಕ್ತದಲ್ಲಿ ಏರಿ ಹೃದಯಕ್ಕೇ ತೊಂದರೆ ಕೊಡಬಹುದಂತೆ. ಯಾರಾದರೂ ತಂದುಕೊಟ್ಟರೂ ಮುಟ್ಟಬೇಡಿ.

ಇನ್ನು ಬೆಲ್ಲ. ಇದನ್ನು ಬರೆಯುವುದಕ್ಕೆ ಕೈ ಹಿಂಜರಿಯುತ್ತದೆ. ಜೋನಿ ಬೆಲ್ಲ ಹಾಕಿದ ದೋಸೆ ತಿನ್ನುವುದನ್ನು ನನಗೆ ಕಲಿಸಿದವರೇ ನೀವು. ದೋಸೆಯ ನಡುವೆ ಗುಂಡಿ ಮಾಡಿ, ಬೆಲ್ಲ ಹೊಯ್ದು, ಮೇಲೊಂದು ಹನಿ ತುಪ್ಪ. "ಇದು ಆಲೆಮನೆಯದ್ದು, ಸಕ್ಕರೆಯಲ್ಲ, ಏನೂ ಆಗುವುದಿಲ್ಲ" ಅಂತ ಈಗಲೂ ಹೇಳುತ್ತೀರಿ. ಆದರೆ ಎರಡೂ ಅದೇ ಕಬ್ಬಿನ ಹಾಲಿನಿಂದ ಬಂದವು. ಬೆಲ್ಲದಲ್ಲೂ ಮುಕ್ಕಾಲು ಪಾಲಿನಷ್ಟು ಸಕ್ಕರೆಯೇ. ರಕ್ತಕ್ಕೆ ಇಳಿದ ಮೇಲೆ ಬಣ್ಣ ಯಾವುದಿತ್ತು ಅನ್ನುವುದು ಯಾರಿಗೂ ಬೇಡ. ಅದು ರಕ್ತದಲ್ಲಿ ಜಾಸ್ತಿ ಹೊತ್ತು ನಿಂತರೆ ಮೂತ್ರಪಿಂಡದ ಸಣ್ಣ ಸಣ್ಣ ಸೋಸುವ ಎಳೆಗಳನ್ನು ಹಾಳು ಮಾಡುತ್ತದೆ. ತೆಳು ಅರಿವೆ ಜಾಳಾದ ಹಾಗೆ. ಪ್ರೋಟೀನ್ ಸೋರುತ್ತಿರುವುದು ಅಲ್ಲೇ. ಮೇಲಿಂದ ಬಿಪಿ ಒತ್ತುತ್ತದೆ, ಒಳಗಿಂದ ಸಕ್ಕರೆ ಸವೆಸುತ್ತದೆ. ಅದಕ್ಕೇ ಡಾಕ್ಟರು ಎರಡನ್ನೂ ಒಟ್ಟಿಗೆ ಹಿಡಿದಿದ್ದು.

ಮತ್ತೆ ನಿಮ್ಮ ಚಾ. ನಾಲ್ಕು ಸಲ, ಸಲಕ್ಕೆ ಎರಡು ಚಮಚ. ಸಕ್ಕರೆ ಕಾಯಿಲೆ ಇಲ್ಲದವರಿಗೂ ದಿನಕ್ಕೆ ಸುಮಾರು ಆರು ಚಮಚದೊಳಗಿದ್ದರೆ ಒಳ್ಳೆಯದು ಅನ್ನುತ್ತಾರೆ. ನಿಮ್ಮದು ಚಾದಲ್ಲೇ ಎಂಟು! ಸಂಘದ ಅಂಗಡಿಯ ಕಟ್ಟೆಯಲ್ಲಿ ಕುಡಿಯುವುದು ಬೇರೆ. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿದರೆ ನಿಮ್ಮ ಗೆಳೆಯರು ನನ್ನನ್ನು ಊರಿಗೆ ಬಿಡಲಿಕ್ಕಿಲ್ಲ.

ಎಲ್ಲ ಬಿಟ್ಟು ಸಪ್ಪೆ ಗಂಜಿ ಕುಡಿದುಕೊಂಡಿರಿ ಅಂತ ನಾನು ಹೇಳುವುದಿಲ್ಲ. ಉಪ್ಪು ಪೂರ್ತಿ ಬಿಡಲೂಬಾರದು, ಈ ವಯಸ್ಸಿಗೆ ಸೋಡಿಯಂ ತೀರ ಇಳಿದರೆ ತಲೆ ಸುತ್ತಿ ಬೀಳುವುದು, ಮಂಕಾಗುವುದು ಆಗುತ್ತದೆ. ನನ್ನ ಬೇಡಿಕೆ ಸಣ್ಣದು. ಬೆಳಿಗ್ಗೆ ಆಯಿ ಚಿಕ್ಕ ಬಟ್ಟಲಲ್ಲಿ ನಿಮ್ಮಿಬ್ಬರಿಗೂ ಸೇರಿ ಒಂದೂವರೆ ಚಮಚ ಉಪ್ಪು ತೆಗೆದಿಡಲಿ. ದಿನದ ಅಡಿಗೆ ಅದರಲ್ಲೇ ಆಗಬೇಕು. ಮಜ್ಜಿಗೆಗೆ ಉಪ್ಪು ಬೇಡ, ಶುಂಠಿ, ಕರಿಬೇವು ಜಜ್ಜಿ ಹಾಕಲಿ. ಬಾಳೆ ಎಲೆಯ ತುದಿಗೆ ಉಪ್ಪು ಬಡಿಸುವುದು ಕ್ರಮ, ಬಡಿಸಲಿ, ಅಲ್ಲೇ ಇರಲಿ. ಮಿಡಿ ವಾರಕ್ಕೊಂದು, ಭಾನುವಾರ. ಉಳಿದ ದಿನಕ್ಕೆ ನಮ್ಮ ಕಡೆಯ ಅಡಿಗೆಯಲ್ಲೇ ದಾರಿ ಇದೆ ಅಲ್ವಾ? ಹುಳಿ, ಖಾರ ಮುಂದಿದ್ದರೆ ನಾಲಿಗೆಗೆ ಉಪ್ಪು ಕಡಿಮೆಯಾಗಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಮುರುಗಲು ಹಾಕಿದ ಸಾರು, ಕಾಳುಮೆಣಸು ಜಾಸ್ತಿ ಬಿದ್ದ ತಂಬುಳಿ, ಲಿಂಬೆ ಹಿಂಡಿದ ಪಲ್ಯ. ಮೊದಲ ಕೆಲವು ವಾರ ಕಷ್ಟ. ಆಮೇಲೆ ನಾಲಿಗೆ ಹೊಂದಿಕೊಳ್ಳುತ್ತದೆ. ನನಗೂ ಈಗ ಕಷ್ಟವೇ.

ಹೌದು, ನಾನೂ ಶುರು ಮಾಡಿದ್ದೇನೆ. ಚಿಕ್ಕವನಿದ್ದಾಗ ನೀವು ಹೇಳುತ್ತಿದ್ದ ಕತೆ ನೆನಪಿದೆಯಾ? ಅಜ್ಜ 1930ರಲ್ಲಿ ಅಂಕೋಲೆಯ ಉಪ್ಪಿನ ಸತ್ಯಾಗ್ರಹ ನೋಡಲು ನಡೆದು ಹೋಗಿದ್ದನ್ನು ಹೇಳಿ, ಅದರ ಬೆನ್ನಿಗೇ ದಕ್ಷಿಣ ಆಫ್ರಿಕಾದ ಇನ್ನೊಂದು ಕತೆ ಹೇಳುತ್ತಿದ್ದಿರಿ. ಕಸ್ತೂರಬಾ ಹುಷಾರಿಲ್ಲದಿದ್ದಾಗ ಗಾಂಧೀಜಿ ಉಪ್ಪು, ಬೇಳೆ ಬಿಡು ಅಂದರು. "ನಿಮಗೆ ಹೇಳಿದರೆ ನೀವೂ ಬಿಡುವುದಿಲ್ಲ" ಅಂದರಂತೆ ಅವರು. ಅದೇ ಕ್ಷಣ ಗಾಂಧೀಜಿ ತಾವೇ ಒಂದು ವರ್ಷ ಎರಡನ್ನೂ ಬಿಟ್ಟರು. ಭಾನುವಾರ ನೀವು ಫೋನ್ ಇಟ್ಟ ಮೇಲೆ ನನಗೆ ಅದೇ ನೆನಪಾಯಿತು. ನನಗೆ ಗಾಂಧೀಜಿಯಷ್ಟು ಗಟ್ಟಿತನ ಇಲ್ಲ. ಉಪ್ಪಿನಕಾಯಿ, ಹಪ್ಪಳ, ಚಾದ ಸಕ್ಕರೆ ಮಾತ್ರ ಬಿಟ್ಟಿದ್ದೇನೆ. ಇವತ್ತಿಗೆ ಐದನೇ ದಿನ. ಸಕ್ಕರೆ ಇಲ್ಲದ ಚಾ ಕಷಾಯದ ಹಾಗಿದೆ, ಸುಳ್ಳು ಹೇಳುವುದಿಲ್ಲ.

ನಿಮ್ಮ ಚಾ ಒಂದೇ ಸಲಕ್ಕೆ ನಿಲ್ಲಿಸುವುದು ಬೇಡ. ಈ ವಾರ ಎರಡರ ಬದಲು ಒಂದು ಚಮಚ, ಮುಂದಿನ ವಾರ ಅರ್ಧ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ಊಟ ತಪ್ಪಿಸಬೇಡಿ. ತೋಟದಲ್ಲಿರುವಾಗ ಕೈ ನಡುಗಿ, ಬೆವರು ಕಿತ್ತುಕೊಂಡು ಬಂದರೆ ಸಕ್ಕರೆ ಇಳಿದಿದೆ ಅಂತ ಅರ್ಥ. ಆವಾಗ ಈ ಕಾಗದ ನೆನಪಿಸಿಕೊಂಡು ಕೂರಬೇಡಿ, ತಕ್ಷಣ ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಕವಳದ ಸಂಚಿಯಲ್ಲಿ ಒಂದು ಪೊಟ್ಟಣ ಇಟ್ಟಿರಿ.

ದೀಪಾವಳಿಗೆ ಎರಡು ದಿನ ಮೊದಲೇ ಬರುತ್ತೇವೆ. ಆಯಿ ತೊಡದೇವು ಎರೆಯಲಿ. ನಿಮಗೊಂದು, ನನಗೊಂದು. ಎರಡನೆಯದಕ್ಕೆ ಕೈ ಹಾಕಿದವರು ಗೋಪೂಜೆ ದಿನ ಕೊಟ್ಟಿಗೆ ಬಾಚಬೇಕು. ಬರುವಾಗ ಬಿಪಿ ನೋಡುವ ಮಿಷನ್ ತರುತ್ತೇನೆ, ತೋಳಿಗೆ ಕಟ್ಟುವಂಥದ್ದು. ನೀವು ಲೆಕ್ಕದ ಪುಸ್ತಕ ಇಡುವುದರಲ್ಲಿ ಗಟ್ಟಿಗರು, ಅದಕ್ಕೊಂದು ಪುಟ ಮೀಸಲಿಡಿ.

ಮೇಲಿನ ತೋಟದ ಪಂಪು ರಿಪೇರಿಯಾಯಿತಾ? ಕೊಳೆ ಔಷಧಿ ಹೊಡೆಸಿದ್ದು ಎಷ್ಟಾಯಿತು ಬರೆಯಿರಿ, ದುಡ್ಡು ಹಾಕುತ್ತೇನೆ. ಆಯಿಗೆ ನಮಸ್ಕಾರ. ಮಕ್ಕಳು ಅಜ್ಜನನ್ನು ಕೇಳುತ್ತಿರುತ್ತವೆ.

ಉತ್ತರ ಕಾಗದದಲ್ಲೇ ಬರಲಿ, ಬೈದಾದರೂ ಸರಿ.

ಇತಿ ನಿಮ್ಮ ಮಗ,
ಗಣಪತಿ

ತಾ.ಕ.: ಚೌತಿಯ ಮಾರನೇ ಬೆಳಿಗ್ಗೆ ಐದೂವರೆಗೆ ಅಡಿಗೆಮನೆಯಲ್ಲಿ ದೀಪ ಹಾಕದೆ ಬೆಲ್ಲದ ಡಬ್ಬಿಗೆ ಬೆರಳದ್ದಿದ್ದು ಬೆಕ್ಕಲ್ಲ ಅಂತ ನನಗೆ ಗೊತ್ತು. ಆಯಿಗೆ ಹೇಳಿಲ್ಲ.